ಅಕ್ಕ ಯಾಕೆ ನಕ್ಕಳು ಅಂದರೆ

ಪ್ರೀತಿಯ ಅಜ್ಜಿಗೆ ನಮಸ್ಕಾರ.

ನಿಶ್ಚಿತಾರ್ಥದ ಫೋಟೋ ನೋಡಿ ನೀನು ಫೋನಿನಲ್ಲಿ ಮೂರು ಸಲ ಒಂದೇ ಮಾತು ಕೇಳಿದೆ. ಉಂಗುರ ಹಾಕಿಸಿಕೊಳ್ಳೋ ಹೊತ್ತಿನಲ್ಲಿ ಇವಳು ಯಾಕೆ ಹೀಗೆ ಬಾಯಿ ಮುಚ್ಚಿಕೊಂಡು ನಗ್ತಿದಾಳೆ ಅಂತ. ಅಮ್ಮ ಪಕ್ಕದಲ್ಲೇ ಕೂತಿದ್ದಳು, ನಾನು ಮಾತು ಹಾರಿಸಿದೆ. ಕಾರಣ ನಾನು. ನಾನೂ ಅಲ್ಲ, ನನ್ನ ಹೀಲ್ಸು.

ಅಕ್ಕನ ಪಕ್ಕ ನಿಂತರೆ ನಾನು ಅವಳ ಭುಜಕ್ಕೆ ಬರ್ತೀನಿ. ಎಲ್ಲ ಫೋಟೋದಲ್ಲೂ ಹಾಗೆ ಕಾಣಬಾರದು ಅಂತ ಹಟ ಮಾಡಿ ಮೂರು ಇಂಚಿನದು ತೆಗೆಸಿಕೊಂಡೆ. ಅಮ್ಮ ಸಂಜೆಯೇ ಅಂಗಡಿಗೆ ಕರಕೊಂಡು ಹೋದಳು, ದಿನವೆಲ್ಲ ಓಡಾಡಿದ ಮೇಲೆ ಪಾದ ಸ್ವಲ್ಪ ಊದಿರುತ್ತೆ, ಆಗ ಸರಿಹೋದರೆ ಸಮಾರಂಭದ ಕೊನೆವರೆಗೂ ಬಿಗಿಯಾಗಲ್ಲ ಅಂತ. ಅಲ್ಲಿಯವರೆಗೆ ಇಬ್ಬರದೂ ಒಂದೇ ಮಾತು. ಆಮೇಲೆ ಅವಳು ಅಗಲವಾದ ಹಿಮ್ಮಡಿಯದು ತಗೋ ಅಂದಳು, ನಾನು ಪೆನ್ಸಿಲಿನ ಹಾಗಿರೋದನ್ನೇ ಹಿಡಿದು ಕೂತೆ.

ಹಾಕಿಕೊಂಡು ಮೊದಲ ಸಲ ಎದ್ದು ನಿಂತಾಗ ಯಾರೋ ಹಿಂದಿನಿಂದ ಮೆಲ್ಲಗೆ ತಳ್ಳಿದ ಹಾಗಾಯ್ತು. ಮೈಭಾರವೆಲ್ಲ ಪಾದದ ಮುಂಭಾಗಕ್ಕೆ ಬಂದುಬಿಡುತ್ತೆ, ಬೆರಳುಗಳು ಜಾರಿ ಚಪ್ಪಲಿಯ ಚೂಪು ತುದಿಯೊಳಗೆ ಒತ್ತಿಕೊಳ್ಳುತ್ವೆ, ಬೀಳ್ತೀನೇನೋ ಅಂತ ಮೊಣಕಾಲು ತಾನಾಗೇ ಬಾಗುತ್ತೆ. ಬಾಗಿದರೆ ಬಾತುಕೋಳಿ ನಡಿಗೆ. ಅಕ್ಕ ಒಂದು ವಾರ ರಾತ್ರಿ ಹೊತ್ತು ಪಾಠ ಮಾಡಿದಳು. ಹೆಜ್ಜೆ ಚಿಕ್ಕದಿಡು, ಮೊದಲು ಹಿಮ್ಮಡಿ, ಆಮೇಲೆ ಬೆರಳು, ನೆಲ ನೋಡಬೇಡ. ಹೊಸ ಅಟ್ಟೆ ಜಾರುತ್ತೆ ಅಂತ ಅದಕ್ಕೆ ಮರಳು ಕಾಗದ ಉಜ್ಜಿ ತರಿ ಮಾಡಿಕೊಟ್ಟಳು. ಗಟ್ಟಿ ನೆಲದ ಮೇಲೂ ನಡೆದು ನೋಡು ಅಂದಿದ್ದಳು. ಸದ್ದಾದರೆ ಅಮ್ಮನಿಗೆ ಕೇಳುತ್ತೆ ಅಂತ ನಾನು ಕಾರ್ಪೆಟ್ ಬಿಟ್ಟು ಕೆಳಗಿಳಿಯಲೇ ಇಲ್ಲ. ಮೆತ್ತಗಿನ ಕಾರ್ಪೆಟ್ ಮೇಲೆ ಯಾರು ಬೇಕಾದರೂ ರಾಣಿಯೇ, ಅಜ್ಜಿ.

ಆ ದಿನ ಕಾರಿಳಿದು ಹಾಲ್‌ಗೆ ಹೋಗೋ ದಾರಿಯಲ್ಲಿ ಚರಂಡಿಯ ಮೇಲೊಂದು ಕಬ್ಬಿಣದ ಜಾಲರಿ ಇತ್ತು. ಎಡಗಾಲಿನ ಹೀಲ್ಸು ಸಂದಿಗೆ ಇಳಿದು ಸಿಕ್ಕಿಕೊಂಡಿತು. ಎಳೆದೆ, ಬಂತು. ಮುರಿದಿಲ್ಲ ಅಂತ ಖುಷಿಯಾಗಿ ಒಳಗೆ ಹೋದೆ. ಒಳಗೆ ಕಲ್ಲಿನ ನೆಲ. ಬಲಗಾಲಿಟ್ಟರೆ ಟಪ್, ಎಡಗಾಲಿಟ್ಟರೆ ಟಣ್.

ಬಚ್ಚಲುಮನೆಗೆ ಓಡಿ ತಿರುಗಿಸಿ ನೋಡಿದೆ. ಹೀಲ್ಸಿನ ತುದಿಗೆ ಉಗುರಿನಷ್ಟಗಲ ಒಂದು ರಬ್ಬರಿನ ಚೂರು ಇರುತ್ತೆ. ಅದು ಜಾಲರಿಯಲ್ಲೇ ಉಳಿದು, ಒಳಗಿನ ಮೊಳೆ ಹೊಳೀತಾ ಇತ್ತು. ಸದ್ದಾದರೆ ಆಗಲಿ ಅನ್ನಬಹುದು, ಆದರೆ ನುಣ್ಣನೆ ಕಲ್ಲಿನ ಮೇಲೆ ಆ ಲೋಹ ಎಣ್ಣೆ ಬಿದ್ದ ಹಾಗೆ ಜಾರುತ್ತೆ. ಚಪ್ಪಲಿ ಕಚ್ಚಿದರೆ ಇರಲಿ ಅಂತ ಪರ್ಸಿನಲ್ಲಿ ಬ್ಯಾಂಡೇಜು ಇಟ್ಟುಕೊಂಡಿದ್ದೆ. ಅದನ್ನೇ ತುದಿಗೆ ಎರಡು ಸುತ್ತು ಸುತ್ತಿದೆ. ಸದ್ದು ನಿಂತಿತು. ನನ್ನ ಬುದ್ಧಿಗೆ ನಾನೇ ಮೆಚ್ಚಿಕೊಂಡೆ.

ಉಂಗುರದ ಡಬ್ಬಿ ತಂದುಕೊಡೋದು ನನ್ನ ಪಾಲಿನ ಕೆಲಸ. ಹಾಲ್‌ನ ಆ ತುದಿಯಿಂದ ಈ ತುದಿಗೆ ಬರಬೇಕು. ಎಲ್ಲರೂ ಮಾತು ನಿಲ್ಲಿಸಿದರು. ಮಗುವೂ ಅಳಲಿಲ್ಲ, ನೋಡು. ಮೊದಲ ಹತ್ತು ಹೆಜ್ಜೆ ಅಕ್ಕ ಹೇಳಿಕೊಟ್ಟ ಹಾಗೇ ಇಟ್ಟೆ. ಅಷ್ಟರಲ್ಲಿ ಮೊಳೆ ಬ್ಯಾಂಡೇಜನ್ನು ತೂತು ಮಾಡಿಕೊಂಡು ಹೊರಬಂತು. ಟಪ್, ಟಣ್. ಟಪ್, ಟಣ್. ಎಡಗಾಲನ್ನು ಬರೀ ಬೆರಳ ಮೇಲೆ ಊರಿದೆ, ಸದ್ದು ಹೋಗಿ ಕುಂಟು ಬಂತು. ಕುಂಟೋದಕ್ಕಿಂತ ಸದ್ದೇ ವಾಸಿ ಅಂತ ಮತ್ತೆ ಪೂರ್ತಿ ಊರಿದೆ. ಬ್ಯಾಂಡೇಜು ಬಾಲದ ಹಾಗೆ ಹಿಂದೆ ಎಳೆದುಕೊಂಡು ಬರ್ತಾ ಇತ್ತಂತೆ, ಅದು ನನಗೆ ಆಮೇಲೆ ಗೊತ್ತಾಯ್ತು.

ಅಕ್ಕ ತಲೆ ತಗ್ಗಿಸಿ ನಿಂತಿದ್ದಳು. ಮೂರನೇ ಟಣ್‌ಗೆ ತಲೆ ಎತ್ತಿದಳು. ನನ್ನ ಮುಖ ನೋಡಿದಳು, ಕಾಲು ನೋಡಿದಳು, ಬಾಲ ನೋಡಿದಳು. ಅಷ್ಟೆ. ಡಬ್ಬಿ ಕೈಗೆ ಕೊಡುವಾಗ ಅವಳ ಭುಜ ಕುಲುಕ್ತಾ ಇತ್ತು.

ಮಾರನೇ ದಿನ ಮೀನಖಂಡ ಹಿಡಕೊಂಡು ಮೆಟ್ಟಿಲು ಇಳಿಯೋಕೆ ಆಗಲಿಲ್ಲ. ದಿನವೆಲ್ಲ ಹಿಮ್ಮಡಿ ಮೇಲೆತ್ತಿಕೊಂಡೇ ಇದ್ದರೆ ಆ ಸ್ನಾಯು ಮುದುಡಿಕೊಂಡೇ ದುಡೀಬೇಕಲ್ಲ. ಚಪ್ಪಲಿ ರಿಪೇರಿಯವನ ಹತ್ತಿರ ಅಕ್ಕನೇ ಹೋಗಿ ಹೊಸ ರಬ್ಬರ್ ಹಾಕಿಸಿಕೊಂಡು ಬಂದಳು. ಅವನು ಎರಡೂ ಕಾಲಿಗೆ ಹಾಕಿದ್ದಾನೆ, ಒಂದಕ್ಕೇ ಹಾಕಿದರೆ ಎತ್ತರ ಏರುಪೇರಾಗುತ್ತಂತೆ. ಐದು ನಿಮಿಷದ ಕೆಲಸವಂತೆ.

ಇದನ್ನೆಲ್ಲ ಅಮ್ಮನಿಗೆ ಹೇಳಬೇಡ, ಅಗಲ ಹಿಮ್ಮಡಿಯ ಮಾತು ಮತ್ತೆ ಎತ್ತುತ್ತಾಳೆ. ಭಾವನಿಗಂತೂ ಹೇಳಲೇಬೇಡ. ಅಕ್ಕ ನಕ್ಕಿದ್ದು ತಮ್ಮನ್ನು ನೋಡಿ ಅಂದುಕೊಂಡು ಅವರೂ ನಕ್ಕಿದ್ದಾರೆ, ಆ ಫೋಟೋ ಫ್ರೇಮ್ ಹಾಕಿಸೋಕೆ ಕೊಟ್ಟಿದ್ದಾರೆ.

ನಿನ್ನ ಮೊಮ್ಮಗಳು