ಎಫ್‌ಡಿ ದರಪಟ್ಟಿಯಲ್ಲಿ ಒಂದು ಬದಲಾವಣೆ: ಬೋರ್ಡಿನ ದರವೂ ವರ್ಷದ ಗಳಿಕೆಯೂ

ನಮ್ಮ ಎಲ್ಲ ಗ್ರಾಹಕರಿಗೆ ಘಾಟ್ಕೋಪರ್ ಆಫೀಸಿನಿಂದ ನಮಸ್ಕಾರಗಳು.

ನಿಮ್ಮ ಇನ್‌ಕಮ್ ಟ್ಯಾಕ್ಸ್ ಕಾಗದಪತ್ರ ನೋಡಿಕೊಳ್ಳುವುದರ ಜೊತೆಗೆ, ಬೇರೆ ಬೇರೆ ಬ್ಯಾಂಕುಗಳ ಎಫ್‌ಡಿ ದರಗಳ ಪಟ್ಟಿಯನ್ನೂ ನಾವು ಪ್ರತಿ ತಿಂಗಳು ಕಳಿಸುತ್ತೇವೆ. ಅದರಲ್ಲಿ ಇದುವರೆಗೆ ಬ್ಯಾಂಕಿನ ಹೆಸರು, ಅವಧಿ, ಬಡ್ಡಿ ದರ ಇಷ್ಟೇ ಇರುತ್ತಿತ್ತು. ಮುಂದಿನ ತಿಂಗಳಿಂದ ‘ವರ್ಷದ ಗಳಿಕೆ’ ಅನ್ನುವ ಇನ್ನೊಂದು ಕಾಲಮ್ ಸೇರುತ್ತದೆ. ಪಟ್ಟಿಯ ಕ್ರಮವೂ ಬದಲಾಗುತ್ತದೆ. ಬೋರ್ಡಿನ ದರ ಜಾಸ್ತಿ ಇರುವ ಬ್ಯಾಂಕ್ ಮೇಲೆ ಬರುವುದಿಲ್ಲ, ವರ್ಷದ ಗಳಿಕೆ ಜಾಸ್ತಿ ಇರುವುದು ಮೇಲೆ ಬರುತ್ತದೆ. ಹೀಗೆ ಯಾಕೆ ಮಾಡುತ್ತಿದ್ದೇವೆ ಅಂತ ಸ್ವಲ್ಪ ಬಿಡಿಸಿ ಹೇಳಬೇಕು.

ಕಳೆದ ಕೆಲವು ತಿಂಗಳಲ್ಲಿ ಬ್ಯಾಂಕಿನ ಪಾಂಪ್ಲೆಟ್ ಹಿಡಿದುಕೊಂಡು ಬಂದವರು ತುಂಬಾ ಜನ. ಹೋಟೆಲ್ ವ್ಯವಹಾರ ಮಕ್ಕಳಿಗೆ ಬಿಟ್ಟುಕೊಟ್ಟ ಹಿರಿಯರೊಬ್ಬರು ಐದು ಲಕ್ಷ ರೂಪಾಯಿಯನ್ನು ಐದು ವರ್ಷಕ್ಕೆ ಇಡಬೇಕೆಂದಿದ್ದರು. ಅವರ ಕೈಯಲ್ಲಿ ಎರಡು ಪಾಂಪ್ಲೆಟ್ ಇದ್ದವು. ಒಂದರಲ್ಲಿ ‘ಬಡ್ಡಿ 7.10%’ ಅಂತ ಇತ್ತು. ಇನ್ನೊಂದರಲ್ಲಿ ದಪ್ಪ ಅಕ್ಷರದಲ್ಲಿ ‘ಯೀಲ್ಡ್ 8.30%’ ಅಂತ ಇತ್ತು, ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ‘ದರ 7%’. “8.30 ಬಿಟ್ಟು 7.10ಕ್ಕೆ ಯಾರು ಹೋಗ್ತಾರೆ?” ಅಂದರು. ಅವರು ಕೇಳಿದ್ದು ಸಹಜವೇ. ಆದರೆ ಆ ಎರಡರಲ್ಲಿ ಜಾಸ್ತಿ ದುಡ್ಡು ಕೊಡುವುದು 7.10ರ ಬ್ಯಾಂಕು. ಅದು ಹೇಗೆ ಅಂತ ಲೆಕ್ಕ ಹಾಕಿಯೇ ತೋರಿಸುತ್ತೇವೆ.

ಮೊದಲು 7%ನ ಲೆಕ್ಕ. ಇದು ಬೋರ್ಡಿನ ದರ. ಇದನ್ನೇ ನಾಮಿನಲ್ ದರ ಅನ್ನುತ್ತಾರೆ. ನಮ್ಮ ದೇಶದ ಬ್ಯಾಂಕುಗಳು ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ಬಡ್ಡಿಯನ್ನು ಅಸಲಿಗೆ ಸೇರಿಸುತ್ತವೆ. ಅಂದರೆ ವರ್ಷದ 7%ನ್ನು ನಾಲ್ಕು ಪಾಲು ಮಾಡಿ, ಪ್ರತಿ ಮೂರು ತಿಂಗಳಿಗೆ 1.75% ಕೊಡುತ್ತವೆ. ಒಂದು ಲಕ್ಷ ಇಟ್ಟಿದ್ದೀರಿ ಅಂದುಕೊಳ್ಳಿ. ಮೊದಲ ಮೂರು ತಿಂಗಳಿಗೆ 1,750 ರೂಪಾಯಿ ಬಡ್ಡಿ. ಈಗ ಅಸಲು 1,01,750 ಆಯಿತು. ಎರಡನೇ ಮೂರು ತಿಂಗಳಿನ ಬಡ್ಡಿ ಈ ಮೊತ್ತದ ಮೇಲೆ ಬೀಳುತ್ತದೆ: 1,780 ರೂಪಾಯಿ 63 ಪೈಸೆ. ಮೂರನೆಯದು 1,811.79, ನಾಲ್ಕನೆಯದು 1,843.49. ವರ್ಷದ ಕೊನೆಗೆ ಕೂಡಿದರೆ 7,185 ರೂಪಾಯಿ 90 ಪೈಸೆ. ಬೋರ್ಡಿನ ಲೆಕ್ಕದಲ್ಲಿ 7,000 ಬರಬೇಕಿತ್ತು, ಬಡ್ಡಿಯ ಮೇಲಿನ ಬಡ್ಡಿಯಿಂದ 186 ರೂಪಾಯಿ ಜಾಸ್ತಿ ಬಂತು. ಹಾಗಾಗಿ 7% ದರದ ವರ್ಷದ ಗಳಿಕೆ 7.19%. ನಮ್ಮ ಹೊಸ ಕಾಲಮ್‌ನಲ್ಲಿ ಇರುವುದು ಈ ಸಂಖ್ಯೆ.

ಇದನ್ನು ನೀವೇ ತಾಳೆ ನೋಡಬಹುದು. ಮೊಬೈಲ್ ಕ್ಯಾಲ್ಕ್ಯುಲೇಟರ್‌ನಲ್ಲಿ 7ನ್ನು 400ರಿಂದ ಭಾಗಿಸಿ, 1 ಕೂಡಿಸಿ. 1.0175 ಬರುತ್ತದೆ. ಅದನ್ನು ಅದರಿಂದಲೇ ಗುಣಿಸಿ, ಬಂದ ಉತ್ತರವನ್ನು ಮತ್ತೆ ಆ ಉತ್ತರದಿಂದಲೇ ಗುಣಿಸಿ. 1.07186 ಬರುತ್ತದೆ. ಒಂದನ್ನು ಬಿಟ್ಟು ಉಳಿದದ್ದೇ ವರ್ಷದ ಗಳಿಕೆ. ಎಕ್ಸೆಲ್ ಇದ್ದವರಿಗೆ ಇನ್ನೂ ಸುಲಭ:

```
=EFFECT(7%,4)
```

ಇಲ್ಲಿನ 4 ಅಂದರೆ ವರ್ಷಕ್ಕೆ ನಾಲ್ಕು ಸಲ ಬಡ್ಡಿ ಸೇರುತ್ತದೆ ಅಂತ.

ಹಾಗಾದರೆ 8.30 ಎಲ್ಲಿಂದ ಬಂತು? ಅದೂ ಸುಳ್ಳು ಸಂಖ್ಯೆ ಅಲ್ಲ, ಆದರೆ ಬೇರೆಯೇ ಲೆಕ್ಕ. ಒಂದು ಲಕ್ಷ ರೂಪಾಯಿ 7% ದರದಲ್ಲಿ ಐದು ವರ್ಷ ಕೂತರೆ 1,41,478 ಆಗುತ್ತದೆ. ಒಟ್ಟು ಬಡ್ಡಿ 41,478. ಇದನ್ನು ಸುಮ್ನೆ ಐದರಿಂದ ಭಾಗಿಸಿದರೆ ವರ್ಷಕ್ಕೆ 8,296, ಅಂದರೆ 8.30%. ಐದನೇ ವರ್ಷದ ಬಡ್ಡಿಯಲ್ಲಿ ಹಿಂದಿನ ನಾಲ್ಕು ವರ್ಷದ ಬಡ್ಡಿಯೂ ಸೇರಿಕೊಂಡು ದುಡಿದಿರುತ್ತದೆ. ಆ ಬೆಳೆದ ಮೊತ್ತದ ಬಡ್ಡಿಯನ್ನು ಮೊದಲ ದಿನದ ಒಂದು ಲಕ್ಷಕ್ಕೆ ಹೋಲಿಸಿ ಸರಾಸರಿ ತೆಗೆದರೆ ಸಂಖ್ಯೆ ಉಬ್ಬುತ್ತದೆ. ಅವಧಿ ಉದ್ದವಾದಷ್ಟೂ ಇನ್ನೂ ಉಬ್ಬುತ್ತದೆ. ಅದೇ 7%ನ್ನು ಹತ್ತು ವರ್ಷಕ್ಕೆ ಇಟ್ಟರೆ ಒಂದು ಲಕ್ಷ ಎರಡು ಲಕ್ಷದ 160 ರೂಪಾಯಿ ಆಗುತ್ತದೆ. ಸರಾಸರಿ ಹಿಡಿದರೆ ‘ಯೀಲ್ಡ್’ 10.02%. ಬ್ಯಾಂಕು ಒಂದು ಪೈಸೆಯೂ ದರ ಏರಿಸಲಿಲ್ಲ, ಸಂಖ್ಯೆ ಮಾತ್ರ ಏಳರಿಂದ ಹತ್ತಕ್ಕೆ ಹೋಯಿತು. ಪಾಂಪ್ಲೆಟ್‌ನಲ್ಲಿ ಯೀಲ್ಡ್ ಮತ್ತು ದರದ ನಡುವೆ ಒಂದು ಪರ್ಸೆಂಟಿಗಿಂತ ಜಾಸ್ತಿ ಅಂತರ ಕಂಡರೆ ಇದೇ ಸರಾಸರಿ ಲೆಕ್ಕ ಅಂತ ತಿಳಿಯಿರಿ. ಮೂರು ತಿಂಗಳಿಗೊಮ್ಮೆ ಬಡ್ಡಿ ಸೇರುವ ಎಫ್‌ಡಿಯಲ್ಲಿ, ಈಗಿನ ಆರು ಏಳು ಎಂಟು ಪರ್ಸೆಂಟ್ ದರಗಳಿಗೆ, ವರ್ಷದ ಗಳಿಕೆ ಬೋರ್ಡಿನ ದರಕ್ಕಿಂತ ಕಾಲು ಪರ್ಸೆಂಟಿನ ಒಳಗಷ್ಟೇ ಮೇಲಿರುತ್ತದೆ.

ಇನ್ನು 7.10%ನ ಬ್ಯಾಂಕು. ಅದರ ವರ್ಷದ ಗಳಿಕೆ 7.29%. ಆ ಹಿರಿಯರ ಐದು ಲಕ್ಷ ಐದು ವರ್ಷಕ್ಕೆ ಅಲ್ಲಿ 7,10,873 ಆಗುತ್ತದೆ. ‘8.30%’ ಅಂದ ಬ್ಯಾಂಕಿನಲ್ಲಿ 7,07,389. ದೊಡ್ಡ ಸಂಖ್ಯೆ ನಂಬಿ ಹೋಗಿದ್ದರೆ 3,484 ರೂಪಾಯಿ ಕಡಿಮೆ ಬರುತ್ತಿತ್ತು. ಮೊತ್ತ ತೀರಾ ದೊಡ್ಡದಲ್ಲ, ನಿಜ. ಆದರೆ ಎರಡೂ ಕಡೆ ಕಾಯುವುದು ಅಷ್ಟೇ ವರ್ಷ. ಜಾಸ್ತಿ ಕೊಡುವ ಕಡೆಯೇ ಇಡಬೇಕು ಅಲ್ವಾ?

ಪಾಂಪ್ಲೆಟ್‌ನಲ್ಲಿ ದರವನ್ನೇ ಬರೆಯದೆ ಕೊನೆಗೆ ಸಿಗುವ ಮೊತ್ತ ಮಾತ್ರ ಬರೆದಿದ್ದರೆ, ಅದರಿಂದಲೂ ವರ್ಷದ ಗಳಿಕೆ ತೆಗೆಯಬಹುದು. ಐದು ವರ್ಷದ ಠೇವಣಿಗೆ ಹೀಗೆ:

```
=(707389/500000)^(1/5)-1
```

ಉತ್ತರ 0.0719 ಅಂತ ಬರುತ್ತದೆ, ಅಂದರೆ 7.19%. ಪಾಂಪ್ಲೆಟ್ ಏನೇ ಹೇಳಲಿ, ಕೈಗೆ ಸಿಗುವ ಮೊತ್ತದಿಂದ ಲೆಕ್ಕ ಹಾಕಿದರೆ ಯಾವ ಸಂಖ್ಯೆಯೂ ಅಡಗಿ ಕೂರುವುದಿಲ್ಲ.

ಪಟ್ಟಿಯ ಕ್ರಮ ಬದಲಿಸಿದ್ದಕ್ಕೂ ಕಾರಣ ಇದೆ. ಎಲ್ಲ ಕಡೆಯೂ ಮೂರು ತಿಂಗಳಿಗೊಮ್ಮೆ ಬಡ್ಡಿ ಸೇರುವುದಿಲ್ಲ. ಪೋಸ್ಟ್ ಆಫೀಸಿನ ಎನ್‌ಎಸ್‌ಸಿಯಲ್ಲಿ ವರ್ಷಕ್ಕೊಮ್ಮೆ ಸೇರುತ್ತದೆ. ಅಲ್ಲಿ ಬೋರ್ಡಿನ ದರವೇ ವರ್ಷದ ಗಳಿಕೆ. ಒಂದು ಕಡೆ ವರ್ಷಕ್ಕೊಮ್ಮೆ ಸೇರುವ 7.15%, ಇನ್ನೊಂದು ಕಡೆ ಮೂರು ತಿಂಗಳಿಗೊಮ್ಮೆ ಸೇರುವ 7% ಇದ್ದರೆ, ಬೋರ್ಡ್ ನೋಡಿದವರು ಮೊದಲನೆಯದಕ್ಕೆ ಹೋಗುತ್ತಾರೆ. ಗಳಿಕೆ ನೋಡಿದರೆ 7.15ರ ಎದುರು 7.19, ಎರಡನೆಯದೇ ಮೇಲು. ಹೊಸ ಕಾಲಮ್ ಇಲ್ಲದೆ ಇದು ಕಣ್ಣಿಗೆ ಬೀಳುವುದಿಲ್ಲ.

ಆ ಕಾಲಮ್ ಕೆಲವು ಕಡೆ ಖಾಲಿ ಇರುತ್ತದೆ. ಅದನ್ನು ನಾವು ಬೇಕೆಂದೇ ಬಿಟ್ಟಿದ್ದೇವೆ. ಆರು ತಿಂಗಳಿಗಿಂತ ಕಡಿಮೆ ಅವಧಿಯ ಠೇವಣಿಗೆ ಬ್ಯಾಂಕುಗಳು ಸಾಮಾನ್ಯವಾಗಿ ಸರಳ ಬಡ್ಡಿ ಕೊಡುತ್ತವೆ. ಅಲ್ಲಿ ಬಡ್ಡಿ ಮೇಲೆ ಬಡ್ಡಿಯ ಮಾತೇ ಇಲ್ಲ. ಹಾಗೆಯೇ ಮೂರು ತಿಂಗಳಿಗೊಮ್ಮೆ ಅಥವಾ ತಿಂಗಳಿಗೊಮ್ಮೆ ಬಡ್ಡಿಯನ್ನು ಉಳಿತಾಯ ಖಾತೆಗೆ ಹಾಕಿಸಿಕೊಳ್ಳುವವರಿಗೂ ಆ ಗಳಿಕೆ ಸಿಗುವುದಿಲ್ಲ. ಬಡ್ಡಿ ಒಳಗೇ ಕೂತರೆ ಮಾತ್ರ ಅದು ಬೆಳೆಯುವುದು. ಐದು ಲಕ್ಷಕ್ಕೆ 7% ದರದಲ್ಲಿ ಮೂರು ತಿಂಗಳಿಗೆ 8,750 ರೂಪಾಯಿ ಕೈಗೆ ಬರುತ್ತದೆ, ವರ್ಷಕ್ಕೆ 35,000. ಮನೆ ಖರ್ಚಿಗೆ ಬೇಕಾದವರು ಹೀಗೆ ತೆಗೆದುಕೊಳ್ಳುವುದರಲ್ಲಿ ಏನೂ ತಪ್ಪಿಲ್ಲ. 7.19 ನಿಮ್ಮ ಲೆಕ್ಕ ಅಲ್ಲ ಅಂತ ಗೊತ್ತಿದ್ದರೆ ಸಾಕು.

ತಿಂಗಳ ಬಡ್ಡಿಯ ಬಗ್ಗೆ ತುಂಬಾ ಜನ ಫೋನ್ ಮಾಡುತ್ತಾರೆ. “8,750ನ್ನು ಮೂರರಿಂದ ಭಾಗಿಸಿದರೆ 2,917 ಬರಬೇಕು, ಪಾಸ್‌ಬುಕ್‌ನಲ್ಲಿ 2,900 ಇದೆ, ಬ್ಯಾಂಕಿನವರು 17 ರೂಪಾಯಿ ಹೊಡೆದರು” ಅಂತ. ಹೊಡೆದಿಲ್ಲ. ಮೂರು ತಿಂಗಳು ಕಳೆದ ಮೇಲೆ ಕೊಡಬೇಕಾದ ಬಡ್ಡಿಯನ್ನು ಒಂದು ತಿಂಗಳಿಗೇ, ಎರಡು ತಿಂಗಳಿಗೇ ಮುಂಚಿತವಾಗಿ ಕೊಡುವುದರಿಂದ ಸ್ವಲ್ಪ ಕಳೆದು ಕೊಡುತ್ತಾರೆ. ಎಲ್ಲ ಬ್ಯಾಂಕುಗಳಲ್ಲೂ ಇದೇ ರೀತಿ.

ಇನ್ನೊಂದು ವಿಷಯ. ಹೊಸ ಕಾಲಮ್‌ನ ಸಂಖ್ಯೆ ಟ್ಯಾಕ್ಸ್‌ಗೆ ಮುಂಚಿನದು. ಒಂದು ಬ್ಯಾಂಕಿನಲ್ಲಿ ನಿಮ್ಮ ವರ್ಷದ ಬಡ್ಡಿ 50,000 ದಾಟಿದರೆ, ಹಿರಿಯ ನಾಗರಿಕರಿಗೆ ಒಂದು ಲಕ್ಷ ದಾಟಿದರೆ, ಬ್ಯಾಂಕು 10% ಟಿಡಿಎಸ್ ಹಿಡಿಯುತ್ತದೆ. ಬಡ್ಡಿ ಒಳಗೇ ಬೆಳೆಯುವ ಠೇವಣಿಯಲ್ಲಿ ಆ ಟಿಡಿಎಸ್ ಹೆಚ್ಚಾಗಿ ಬಡ್ಡಿಯಿಂದಲೇ ಹೋಗುತ್ತದೆ. ಆಮೇಲೆ ಅಷ್ಟು ದುಡ್ಡಿಗೆ ಮುಂದೆ ಬಡ್ಡಿಯೂ ಹುಟ್ಟುವುದಿಲ್ಲ. ರಸೀದಿಯಲ್ಲಿ ಅಚ್ಚಾದ ಕೊನೆಯ ಮೊತ್ತಕ್ಕಿಂತ ಕಡಿಮೆ ಸಿಕ್ಕಿತು ಅಂತ ಬರುವವರಲ್ಲಿ ಹೆಚ್ಚಿನವರ ಕಥೆ ಇದೇ. ಹಿಡಿದ ಟಿಡಿಎಸ್ ರಿಟರ್ನ್ ಫೈಲ್ ಮಾಡುವಾಗ ಲೆಕ್ಕಕ್ಕೆ ಬರುತ್ತದೆ, ಅದನ್ನು ನಾವು ನೋಡಿಕೊಳ್ಳುತ್ತೇವೆ. ಅವಧಿಗೆ ಮುಂಚೆ ಠೇವಣಿ ಮುರಿದರೂ ಈ ಸಂಖ್ಯೆ ನಿಲ್ಲುವುದಿಲ್ಲ. ದುಡ್ಡು ನಿಜವಾಗಿ ಎಷ್ಟು ದಿನ ಇತ್ತೋ ಆ ಅವಧಿಯ ದರ ಹಿಡಿದು, ಅದರಲ್ಲೂ ದಂಡ ಕಳೆದು ಕೊಡುವ ಬ್ಯಾಂಕುಗಳೇ ಜಾಸ್ತಿ.

ಪತ್‌ಪೇಢಿಗಳನ್ನು, ಅಂದರೆ ಸಹಕಾರಿ ಪತ್ತಿನ ಸಂಘಗಳನ್ನು, ಈ ಪಟ್ಟಿಗೆ ಸೇರಿಸಿ ಅಂತ ಕೆಲವರು ಕೇಳಿದ್ದೀರಿ. ಸೇರಿಸುವುದಿಲ್ಲ. ಬ್ಯಾಂಕಿನ ಠೇವಣಿಗೆ, ಸಹಕಾರಿ ಬ್ಯಾಂಕು ಸೇರಿದಂತೆ, ಒಬ್ಬ ಠೇವಣಿದಾರರಿಗೆ ಒಂದು ಬ್ಯಾಂಕಿನಲ್ಲಿ ಅಸಲು ಬಡ್ಡಿ ಸೇರಿ 5 ಲಕ್ಷದವರೆಗೆ ಠೇವಣಿ ವಿಮಾ ನಿಗಮವಾದ ಡಿಐಸಿಜಿಸಿಯ ವಿಮೆ ಇದೆ. ಪತ್‌ಪೇಢಿಗೆ ಆ ವಿಮೆ ಇಲ್ಲ. ಎರಡನ್ನೂ ಒಂದೇ ಕಾಲಮ್‌ನಲ್ಲಿ ಅಕ್ಕಪಕ್ಕ ಇಟ್ಟರೆ ನೋಡುವವರಿಗೆ ಅವು ಒಂದೇ ರೀತಿಯವು ಅನ್ನಿಸುತ್ತದೆ. ಅದು ನಮಗೆ ಸರಿ ಕಾಣಲಿಲ್ಲ.

ಪಟ್ಟಿ ಎಂದಿನಂತೆ ವಾಟ್ಸ್ಆ್ಯಪ್‌ನಲ್ಲಿ ಬರುತ್ತದೆ. ಓದಲು ಕಷ್ಟ ಅನ್ನುವವರಿಗೆ ದೊಡ್ಡ ಅಕ್ಷರದ ಪ್ರಿಂಟ್ ಆಫೀಸಿನಲ್ಲಿ ಇಟ್ಟಿರುತ್ತೇವೆ. ಈಗಾಗಲೇ ಇರುವ ಠೇವಣಿಯ ವರ್ಷದ ಗಳಿಕೆ ಎಷ್ಟು ಅಂತ ತಿಳಿಯಬೇಕಾದವರು ರಸೀದಿಯ ಝೆರಾಕ್ಸ್ ತನ್ನಿ. ಇಟ್ಟ ತಾರೀಕು, ಮುಗಿಯುವ ತಾರೀಕು, ಅಸಲು, ಕೊನೆಯ ಮೊತ್ತ ಈ ನಾಲ್ಕು ಸರಿಯಾಗಿ ಕಾಣುವ ಹಾಗಿದ್ದರೆ ಸಾಕು, ನಿಮ್ಮ ಎದುರಿಗೇ ಲೆಕ್ಕ ಹಾಕಿ ಕೊಡುತ್ತೇವೆ. ಇದಕ್ಕೆ ಫೀಸ್ ಇಲ್ಲ.

ಇಂತಿ,
ನಿಮ್ಮ ಘಾಟ್ಕೋಪರ್ ಆಫೀಸಿನ ಬಳಗ