ಲಸಿಕೆಗೆ ಮೊದಲೇ ಜ್ವರದ ಔಷಧ ಬೇಡ, ಬಾಟಲಿಯ ಮೇಲಿನ ಅಂಕಿ ನೋಡಿ

ಮಾನ್ಯ ಸಂಪಾದಕರೇ,

ನಾನು ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿನವಳು. ಆರೋಗ್ಯ ಉಪಕೇಂದ್ರದಲ್ಲಿ ಇಪ್ಪತ್ತೆಂಟು ವರ್ಷ ಸಹಾಯಕಿಯಾಗಿ ಕೆಲಸ ಮಾಡಿ ಈಗ ನಿವೃತ್ತಳಾಗಿದ್ದೇನೆ. ಆದರೂ ನಮ್ಮೂರ ಅಂಗನವಾಡಿಯಲ್ಲಿ ಮಕ್ಕಳಿಗೆ ಲಸಿಕೆ ಹಾಕುವ ದಿನ ಹೋಗಿ ಕೂರುವ ಅಭ್ಯಾಸ ಬಿಟ್ಟಿಲ್ಲ. ಕಳೆದ ತಿಂಗಳು ಅಲ್ಲಿ ಕಂಡದ್ದನ್ನು ಬರೆಯುತ್ತಿದ್ದೇನೆ.

ಒಬ್ಬ ಅಜ್ಜಿ, ಬಾಣಂತಿ ಮಗಳು, ಆರು ವಾರದ ಕೂಸು. ಐದು ರೋಗ ತಡೆಯುವ ಪೆಂಟಾ ಲಸಿಕೆಯ ಮೊದಲ ಸಲ. ತೂಕ ಮಾಡಿದಾಗ ಕೂಸು 4.2 ಕೆಜಿ ಇತ್ತು. ಲಸಿಕೆ ಹಾಕಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂರಿಸುತ್ತಾರೆ. ಜೀವಕ್ಕೆ ಅಪಾಯ ತರುವ ಅಲರ್ಜಿ ಬಹಳ ಅಪರೂಪ, ಬಂದರೆ ಹೆಚ್ಚಾಗಿ ಆ ಕೆಲವು ನಿಮಿಷಗಳಲ್ಲೇ ಬರುತ್ತದೆ, ಅದಕ್ಕೇ ಆ ಅರ್ಧ ಗಂಟೆ. ಹಾಗೆ ಕೂತಾಗ ಅಜ್ಜಿ ನನಗೆ ಹೇಳಿದರು, "ಜ್ವರ ಬರಬಾರ್ದು ಅಂತ ಮನ್ಯಾಗ ಮೊದ್ಲೇ ಔಷಧ ಕುಡಿಸಿ ತಂದೀನ್ರಿ ಅಕ್ಕಾರ."

ಎಷ್ಟು ಕೊಟ್ರಿ ಅಂತ ಕೇಳಿದೆ. "ಎರಡೂವರೆ ಎಂಎಲ್. ದೊಡ್ಡ ಮೊಮ್ಮಗಗೂ ಅಷ್ಟ ಕೊಡ್ತಿದ್ವಿ." ಬಾಟಲಿ ಕೈಚೀಲದಲ್ಲೇ ಇತ್ತು. ತೆಗೆದು ನೋಡಿದೆ. ಅದು ಪ್ಯಾರಾಸಿಟಮಾಲ್ ಸಿರಪ್ ಅಲ್ಲ, ಡ್ರಾಪ್ಸ್. ಮೇಲೆ ಸಣ್ಣ ಅಕ್ಷರದಲ್ಲಿ "ಪ್ರತಿ 1 ಎಂಎಲ್‌ಗೆ 100 ಮಿಗ್ರಾಂ" ಅಂತ ಬರೆದಿತ್ತು.

ದೊಡ್ಡ ಮೊಮ್ಮಗನಿಗೆ ಕೊಡುತ್ತಿದ್ದದ್ದು 5 ಎಂಎಲ್‌ಗೆ 120 ಮಿಗ್ರಾಂ ಇರುವ ಸಿರಪ್. ಅದರ ಎರಡೂವರೆ ಎಂಎಲ್‌ನಲ್ಲಿ 60 ಮಿಗ್ರಾಂ ಪ್ಯಾರಾಸಿಟಮಾಲ್ ಇರುತ್ತದೆ. ಇದೇ ಕೂಸಿಗೆ ಅದನ್ನು ಕೊಟ್ಟಿದ್ದರೂ ಅಳತೆ ಸರಿಯಾಗುತ್ತಿತ್ತು. ಯಾಕೆಂದರೆ ಒಂದು ಸಲಕ್ಕೆ ಕೊಡುವ ಪ್ರಮಾಣ ಪ್ರತಿ ಕೆಜಿ ತೂಕಕ್ಕೆ 10ರಿಂದ 15 ಮಿಗ್ರಾಂ. 4.2 ಕೆಜಿಗೆ ಸುಮಾರು 42ರಿಂದ 63 ಮಿಗ್ರಾಂ. ಆದರೆ ಡ್ರಾಪ್ಸ್‌ನ ಎರಡೂವರೆ ಎಂಎಲ್ ಅಂದರೆ 250 ಮಿಗ್ರಾಂ. ಕೊಡಬೇಕಾದದ್ದರ ನಾಲ್ಕು ಪಟ್ಟು. ಆ ಡ್ರಾಪ್ಸ್‌ನಲ್ಲಿ ಕೂಸಿಗೆ ಬೇಕಿದ್ದದ್ದು ಬರೀ 0.4ರಿಂದ 0.6 ಎಂಎಲ್, ಅಂದರೆ ಅರ್ಧ ಎಂಎಲ್‌ನ ಆಸುಪಾಸು. ಬಾಟಲಿ ಜೊತೆ ಬಂದ ಡ್ರಾಪರ್ ಬಿಟ್ಟು, ಹಳೆಯ ಸಿರಪ್‌ನ ಮುಚ್ಚಳದಲ್ಲಿ ಅಳೆದಿದ್ದರು.

ಅಜ್ಜಿಯನ್ನು ಬೈಯಲು ನನಗೆ ಮನಸ್ಸು ಬರಲಿಲ್ಲ. ಅವರು ಸಣ್ಣ ಕೂಸಿಗೆ ಅಂತ ಕೇಳಿದ್ದಾರೆ, ಅಂಗಡಿಯವರು ಸಣ್ಣ ಬಾಟಲಿ ಕೊಟ್ಟಿದ್ದಾರೆ. ಸಣ್ಣ ಬಾಟಲಿಯೊಳಗೆ ನಾಲ್ಕು ಪಟ್ಟು ಗಟ್ಟಿ ಔಷಧ ಇರುತ್ತದೆ ಅಂತ ಯಾರು ತಾನೇ ಅಂದುಕೊಳ್ಳುತ್ತಾರೆ? ಚೀಟಿಯಲ್ಲಿ ಎಷ್ಟು ಕೊಡಬೇಕು ಅಂತ ಬರೆದೂ ಇರಲಿಲ್ಲ.

ಕೂಸನ್ನು ಆಗಲೇ ಮಕ್ಕಳ ಡಾಕ್ಟರ ಹತ್ತಿರ ಕಳಿಸಿದೆವು. ಪ್ಯಾರಾಸಿಟಮಾಲ್ ಜಾಸ್ತಿಯಾದರೆ ಪೆಟ್ಟು ಬೀಳುವುದು ಲಿವರ್‌ಗೆ. ಮೊದಲ ದಿನ ಮಗು ಚೆನ್ನಾಗೇ ಕಾಣಬಹುದು, ಅದೇ ಇದರ ಮೋಸ. ರಕ್ತ ಪರೀಕ್ಷೆ ಮಾಡಿ ಮರುದಿನ ಸಂಜೆಯವರೆಗೆ ಇಟ್ಟುಕೊಂಡರು. ಒಂದೇ ಸಲ ಆಗಿದ್ದರಿಂದ ಏನೂ ಆಗಲಿಲ್ಲ. ಆದರೆ ಅಜ್ಜಿಯ ಲೆಕ್ಕದಲ್ಲಿ ಇನ್ನೂ ಮೂರು ಸಲ ಬಾಕಿ ಇತ್ತು, ಆರು ಗಂಟೆಗೊಮ್ಮೆ. ಕೊಟ್ಟಿದ್ದರೆ ದಿನಕ್ಕೆ 1000 ಮಿಗ್ರಾಂ, ಅಂದರೆ ನಾವು ದೊಡ್ಡವರು ನುಂಗುವ 500ರ ಎರಡು ಮಾತ್ರೆ, ನಾಲ್ಕು ಕೆಜಿ ಕೂಸಿನ ಹೊಟ್ಟೆಗೆ. ನೆನೆಸಿಕೊಂಡರೆ ಈಗಲೂ ಎದೆ ಝಲ್ಲೆನ್ನುತ್ತದೆ.

"ಕಾಲು ಮಾತ್ರೆ ಅರೆದು ಹಾಲಲ್ಲಿ ಕೊಡಿ" ಅನ್ನುವ ಮಾತೂ ನಮ್ಮ ಕಡೆ ಇದೆ. 500ರ ಮಾತ್ರೆಯ ಕಾಲು ಭಾಗ 125 ಮಿಗ್ರಾಂ. ಹತ್ತು ಕೆಜಿ ಮಗುವಿಗೆ ಅದು ಸರಿ. ಆರು ವಾರದ ಕೂಸಿಗೆ ಎರಡು ಪಟ್ಟು. ಕೈಯಲ್ಲಿ ಮುರಿದ ಕಾಲು ಭಾಗ ನಿಜವಾಗಿ ಕಾಲೇ ಇರುತ್ತದೆ ಅನ್ನುವುದಕ್ಕೂ ಭರವಸೆ ಇಲ್ಲ.

ಇನ್ನು ಅಜ್ಜಿಯ ಮೂಲ ವಿಚಾರಕ್ಕೆ ಬರುತ್ತೇನೆ. ಅಳತೆ ಸರಿಯಿದ್ದರೂ ಲಸಿಕೆಗೆ ಮೊದಲೇ ಕೊಡಬೇಕಿತ್ತಾ? ಬೇಡ. ನಾನೇ ಕೆಲಸಕ್ಕೆ ಸೇರಿದ ಹೊಸದರಲ್ಲಿ ತಾಯಂದಿರಿಗೆ ಮೊದಲೇ ಕೊಟ್ಟು ಬನ್ನಿ ಅಂತ ಹೇಳಿದ್ದೇನೆ. ಆಗ ಎಲ್ಲರೂ ಹಾಗೇ ಹೇಳುತ್ತಿದ್ದೆವು. 2009ರಲ್ಲಿ ಜೆಕ್ ದೇಶದ ಒಂದು ಅಧ್ಯಯನ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. 459 ಕೂಸುಗಳಲ್ಲಿ ಅರ್ಧದಷ್ಟಕ್ಕೆ ಲಸಿಕೆ ಹಾಕಿದಾಗಿನಿಂದ ಒಂದು ದಿನ ಪ್ಯಾರಾಸಿಟಮಾಲ್ ಕೊಟ್ಟರು, ಉಳಿದವಕ್ಕೆ ಕೊಡಲಿಲ್ಲ. ಔಷಧ ಕೊಟ್ಟ ಕಡೆ ಜ್ವರ ಕಡಿಮೆ ಬಂತು, ನಿಜ. ಆದರೆ ಲಸಿಕೆಯಿಂದ ಹುಟ್ಟಬೇಕಾದ ರೋಗ ತಡೆಯುವ ಶಕ್ತಿಯೂ ಕೆಲವು ರೋಗಗಳ ವಿಷಯದಲ್ಲಿ ಕಡಿಮೆ ಬಂತು. ಎರಡೂ ಗುಂಪಿನಲ್ಲಿ ಜೋರು ಜ್ವರ ಬಂದದ್ದು ಅಪರೂಪ.

ಇದನ್ನು ಓದಿ ಯಾರೂ ಹೆದರಬೇಡಿ. ಔಷಧ ಕೊಟ್ಟ ಕೂಸುಗಳಲ್ಲೂ ಹೆಚ್ಚಿನವಕ್ಕೆ ಬೇಕಾದಷ್ಟು ರಕ್ಷಣೆ ಸಿಕ್ಕಿತ್ತು. ಮೊದಲೇ ಕೊಟ್ಟಿದ್ದೀರಾ? ಲಸಿಕೆ ಹಾಳಾಗಿಲ್ಲ, ಮತ್ತೆ ಹಾಕಿಸುವುದು ಬೇಡ. ಜ್ವರ ಬಂದ ಮೇಲೆ ಕೊಡುವುದಕ್ಕೂ ಅಡ್ಡಿಯಿಲ್ಲ. ಮುಂದೆ ನಡೆದ ಇನ್ನೊಂದು ಅಧ್ಯಯನದಲ್ಲಿ, ಆರೆಂಟು ಗಂಟೆ ಬಿಟ್ಟು ಔಷಧ ಶುರು ಮಾಡಿದ ಕೂಸುಗಳಲ್ಲಿ ನ್ಯುಮೋನಿಯಾ ತಡೆಯುವ ನ್ಯುಮೋಕಾಕಲ್ ಲಸಿಕೆಯ ಫಲ ತಗ್ಗಲಿಲ್ಲ. ಮೊದಲ ಕೆಲವು ಗಂಟೆ ಸುಮ್ನೆ ಬಿಟ್ಟರೆ ಸಾಕು ಅಂತ ನನಗೆ ಅದರಿಂದ ತಿಳಿಯಿತು. ವಿಶ್ವ ಆರೋಗ್ಯ ಸಂಸ್ಥೆಯೂ ಲಸಿಕೆಗೆ ಮೊದಲು ಅಥವಾ ಹಾಕುವಾಗ ನೋವಿನ ಔಷಧ ಕುಡಿಸಬೇಡಿ ಅನ್ನುತ್ತದೆ. ಚುಚ್ಚುವಾಗ ಎದೆ ಹಾಲು ಕುಡಿಸುತ್ತಿದ್ದರೆ ಕೂಸಿನ ನೋವು ಎಷ್ಟೋ ಕಡಿಮೆ.

ನಮ್ಮೂರ ಒಬ್ಬರ ಮಗಳು ಲಂಡನ್‌ನಲ್ಲಿದ್ದಾಳೆ. "ಇಲ್ಲಿ ಲಂಡನ್‌ನಲ್ಲಿ ಲಸಿಕೆ ಜೊತೆಗೇ ಪ್ಯಾರಾಸಿಟಮಾಲ್ ಕೊಡಿ ಅಂತಾರಲ್ಲ" ಅಂತ ಕೇಳಿದ್ದಳು. ಹೌದು, ಅಲ್ಲಿ 2015ರಿಂದ ಕೂಸುಗಳಿಗೆ ಮೆನಿಂಜೈಟಿಸ್ ಬಿ ಲಸಿಕೆ ಹಾಕುತ್ತಾರೆ. ಅದಕ್ಕೆ ಜ್ವರ ಜಾಸ್ತಿ, ಪ್ಯಾರಾಸಿಟಮಾಲ್ ಕೊಟ್ಟರೂ ಅದರ ಫಲ ತಗ್ಗುವುದಿಲ್ಲ ಅಂತ ನೋಡಿದ್ದಾರೆ. ನಮ್ಮ ಸರ್ಕಾರಿ ಪಟ್ಟಿಯಲ್ಲಿ ಆ ಲಸಿಕೆ ಇಲ್ಲ. ಆ ನಿಯಮ ಇಲ್ಲಿಗೆ ಹೊಂದುವುದಿಲ್ಲ.

ಹಾಗಾದರೆ ಯಾವಾಗ ಕೊಡಬೇಕು? ಪೆಂಟಾ ಲಸಿಕೆಯಲ್ಲಿ ನಾಯಿಕೆಮ್ಮಿನ ಭಾಗ ಇದೆ, ಜ್ವರ ಬರಿಸುವುದು ಹೆಚ್ಚಾಗಿ ಅದೇ. ಸಂಜೆ ಅಥವಾ ರಾತ್ರಿ ಮೈ ಬಿಸಿಯಾಗುತ್ತದೆ, ತೊಡೆ ಕೆಂಪಾಗಿ ಬಾಯುತ್ತದೆ, ಕೂಸು ಕಿರಿಕಿರಿ ಮಾಡುತ್ತದೆ. ಒಂದೆರಡು ದಿನದಲ್ಲಿ ಇಳಿಯುತ್ತದೆ. ಚುಚ್ಚಿದ ಕಡೆ ಕಡಲೆ ಕಾಳಿನಷ್ಟು ಗಂಟು ಕೆಲವು ವಾರ ಉಳಿದರೂ ನೋವಿಲ್ಲದಿದ್ದರೆ ಬಿಡಿ. ಉಜ್ಜಬೇಡಿ, ಅರಿಶಿನ ಸುಣ್ಣ ಹಚ್ಚಬೇಡಿ.

ಕೈ ಮುಟ್ಟಿ ಜ್ವರ ಅನ್ನಬೇಡಿ. ನಮ್ಮ ಬೇಸಿಗೆಯಲ್ಲಿ ಟೋಪಿ ಹಾಕಿ, ಎರಡು ಬಟ್ಟೆ ಸುತ್ತಿದ ಕೂಸಿನ ಮೈ ಬಿಸಿಯಾಗದೆ ಇನ್ನೇನಾಗುತ್ತದೆ, ಅಲ್ವಾ? ಬಟ್ಟೆ ಸಡಿಲ ಮಾಡಿ, ಕಾಲು ಗಂಟೆ ಬಿಟ್ಟು ಕಂಕುಳಲ್ಲಿ ಥರ್ಮಾಮೀಟರ್ ಇಡಿ. 100.4 ಫ್ಯಾರನ್‌ಹೀಟ್ ದಾಟಿ ಕೂಸು ಸಂಕಟಪಡುತ್ತಿದ್ದರೆ, ಅಥವಾ ಕಾಲು ಮುಟ್ಟಿದರೇ ಚೀರುವಷ್ಟು ನೋವಿದ್ದರೆ, ತೂಕದ ಲೆಕ್ಕದಲ್ಲಿ ಒಂದು ಸಲ ಕೊಡಿ. ಮತ್ತೆ ಬೇಕಾದರೆ ಆರು ಗಂಟೆ ಬಿಟ್ಟು ಇನ್ನೊಂದು ಸಲ. ಎರಡು ಮೂರು ತಿಂಗಳೊಳಗಿನ ಕೂಸಿಗೆ ಎರಡು ಸಲದ ಮೇಲೂ ಬೇಕೆನಿಸಿದರೆ ಡಾಕ್ಟರಿಗೆ ತೋರಿಸಿ. ತಿಂಗಳು ತುಂಬದೆ ಹುಟ್ಟಿದ ಕೂಸಿಗೆ, ನಾಲ್ಕು ಕೆಜಿಗಿಂತ ಕಡಿಮೆ ಇರುವ ಕೂಸಿಗೆ ಮೊದಲೇ ಡಾಕ್ಟರನ್ನು ಕೇಳಿ ಅಳತೆ ಬರೆಸಿಕೊಳ್ಳಿ. ಆಟವಾಡುತ್ತಾ ಹಾಲು ಕುಡಿಯುವ ಮಗುವಿಗೆ ಸಣ್ಣ ಜ್ವರಕ್ಕೆಲ್ಲ ಔಷಧವೇ ಬೇಕಿಲ್ಲ.

ಒಂಬತ್ತು ತಿಂಗಳ ದಡಾರ-ರುಬೆಲ್ಲಾ ಲಸಿಕೆಯ ಕತೆಯೇ ಬೇರೆ. ಅದರ ಜ್ವರ, ಮೈಮೇಲಿನ ಸಣ್ಣ ಗುಳ್ಳೆ ಬರುವುದು ಒಂದು ವಾರದಿಂದ ಹನ್ನೆರಡು ದಿನದ ನಡುವೆ. ಅವತ್ತೇ ಔಷಧ ಕುಡಿಸಿ ಅದನ್ನು ತಡೆಯಲು ಆಗುವುದೇ ಇಲ್ಲ. ಜೊತೆಗೆ ಹಾಕುವ ನ್ಯುಮೋಕಾಕಲ್ ಲಸಿಕೆಯಿಂದ ಅವತ್ತು ಸ್ವಲ್ಪ ಜ್ವರ ಬರಬಹುದು, ಅಷ್ಟೇ.

ಮೊದಲೇ ಔಷಧ ಕುಡಿಸುವುದರಲ್ಲಿ ನನಗೆ ಕಾಣುವ ಇನ್ನೊಂದು ತೊಂದರೆ ಇದೆ. ನಿಜವಾದ ಕಾಯಿಲೆ ಮರೆಯಾಗುತ್ತದೆ. ಪೆಂಟಾ ಆದ ಮೇಲಿನ ಜ್ವರ ಎರಡು ದಿನ ದಾಟಿತು, ಇಲ್ಲವೇ ಮೂರನೇ ದಿನ ಹೊಸದಾಗಿ ಶುರುವಾಯಿತು ಅಂದರೆ ಅದು ಲಸಿಕೆಯದಲ್ಲ. ಡೆಂಗಿಯೋ, ಮೂತ್ರದ ಸೋಂಕೋ, ಬೇರೆ ಏನೋ. "ಸೂಜಿ ಜ್ವರ" ಅಂತ ಮನೆಯಲ್ಲಿ ಇಟ್ಟುಕೊಳ್ಳಬೇಡಿ. ಮೂರು ಗಂಟೆಗೂ ಮೀರಿ ಬಿಡದೆ ಚೀರಿದರೆ, ಮೈ ಜೋತು ಬಿದ್ದು ಬಿಳಿಚಿಕೊಂಡರೆ, ಫಿಟ್ಸ್ ಬಂದರೆ, ಹಾಲು ಬಿಟ್ಟರೆ, ಎಬ್ಬಿಸಿದರೂ ಏಳದಿದ್ದರೆ, ಉಸಿರಾಟ ಕಷ್ಟವಾದರೆ ಗಂಟೆ ನೋಡದೆ ಆಸ್ಪತ್ರೆಗೆ ಹೋಗಿ, ತಾಯಿ ಕಾರ್ಡ್ ಜೊತೆಗಿರಲಿ. ಮುಂದಿನ ಲಸಿಕೆಗೆ ಬಂದಾಗ ಆದದ್ದನ್ನು ಸಿಸ್ಟರ್‌ಗೆ ಹೇಳಿ. ಬರೀ ಜ್ವರ, ಬಾವು ಬಂದಿತ್ತು ಅಂತ ಮುಂದಿನ ಲಸಿಕೆ ಬಿಡಬೇಡಿ.

ನಿಮ್ಮ ಪತ್ರಿಕೆಯ ಮೂಲಕ ಇಬ್ಬರಿಗೆ ನನ್ನ ವಿನಂತಿ. ಲಸಿಕೆ ಹಾಕುವ ಸಿಸ್ಟರ್‌ಗಳು ಅವತ್ತು ಕೂಸನ್ನು ತೂಗಿ, ತಾಯಿ ಕಾರ್ಡಿನ ಮೂಲೆಯಲ್ಲಿ ತೂಕವನ್ನೂ ಕೊಡಬೇಕಾದ ಮಿಗ್ರಾಂ ಅನ್ನೂ ಬರೆದುಕೊಡಲಿ. ಔಷಧ ಅಂಗಡಿಯವರು ಆ ಕಾರ್ಡ್ ನೋಡಿ, ಕೈಗೆ ಕೊಡುವ ಬಾಟಲಿಯಲ್ಲಿ ಅದು ಎಷ್ಟು ಎಂಎಲ್ ಅಂತ ಪೆನ್ನಿನಲ್ಲಿ ಬಾಟಲಿಯ ಮೇಲೇ ಬರೆದು, ಜೊತೆಗೆ ಸೂಜಿ ಇಲ್ಲದ 1 ಎಂಎಲ್ ಸಿರಿಂಜ್ ಒಂದನ್ನು ಕೊಡಲಿ. ಆ ಅಜ್ಜಿಯ ಬಾಟಲಿ ಮೇಲೆ ನಾನು ಕೆಂಪು ಪೆನ್ನಿನಲ್ಲಿ "0.5" ಅಂತ ಬರೆದುಕೊಟ್ಟೆ. ಹಳೆಯ ಮುಚ್ಚಳವನ್ನು ಅವರೇ ಬಿಸಾಡಿದರು. ಎರಡನೇ ಪೆಂಟಾಗೆ ಮೊನ್ನೆ ಬಂದಿದ್ದರು. ಈ ಸಲ ಮೊದಲೇ ಏನೂ ಕುಡಿಸಿರಲಿಲ್ಲ. ಕೂಸು 5 ಕೆಜಿ ಆಗಿದೆ, ಹಳೆಯ ಅಂಕಿ ಅಳಿಸಿ ಹೊಸ ತೂಕಕ್ಕೆ "0.6" ಅಂತ ತಿದ್ದಿಕೊಟ್ಟಿದ್ದೇನೆ.

ಇಂತಿ,
ಒಬ್ಬ ನಿವೃತ್ತ ಆರೋಗ್ಯ ಸಹಾಯಕಿ
ಗಂಗಾವತಿ ತಾಲ್ಲೂಕು, ಕೊಪ್ಪಳ ಜಿಲ್ಲೆ