ಖಾಲಿ ತರಗತಿಗಳಲ್ಲಿ ತಿರುಗುವ ಫ್ಯಾನುಗಳ ಲೆಕ್ಕ: ಪ್ರಾಂಶುಪಾಲರಿಗೊಂದು ಬಹಿರಂಗ ಪತ್ರ

ಗೆ,
ಮಾನ್ಯ ಪ್ರಾಂಶುಪಾಲರು,
ನನ್ನ ಮಗಳು ಓದುತ್ತಿರುವ ಖಾಸಗಿ ಪ್ರೌಢಶಾಲೆ,
ಬಳ್ಳಾರಿ.

ವಿಷಯ: ತರಗತಿಗಳ ವಿದ್ಯುತ್ ಬಳಕೆಯ ಲೆಕ್ಕ ಪರಿಶೀಲನೆಗೆ ಅನುಮತಿ ಹಾಗೂ ಕಳೆದ ಹನ್ನೆರಡು ತಿಂಗಳ ವಿದ್ಯುತ್ ಬಿಲ್ಲುಗಳ ಪ್ರತಿ ಕೋರಿ.

ಮಾನ್ಯರೇ,

ಈ ವರ್ಷದ ಶುಲ್ಕದ ಪಟ್ಟಿಯಲ್ಲಿ ‘ವಿದ್ಯುತ್ ಮತ್ತು ನಿರ್ವಹಣೆ’ ಎಂಬ ಬಾಬ್ತು ಮತ್ತೆ ಏರಿದೆ. ಕಾರಣ ಕೇಳಿದಾಗ ಕಚೇರಿಯಲ್ಲಿ ಸಿಕ್ಕ ಉತ್ತರ, ಕರೆಂಟ್ ಬಿಲ್ ಜಾಸ್ತಿ ಬರುತ್ತಿದೆ ಎಂಬುದಷ್ಟೇ. ಹಾಗಾದರೆ ಬಿಲ್ಲನ್ನು ತೋರಿಸಿ ಎಂದು ಬರೆದುಕೊಟ್ಟ ಅರ್ಜಿಗಳಿಗೆ ಸ್ವೀಕೃತಿಯ ಮುದ್ರೆ ಬಿತ್ತೇ ಹೊರತು ಉತ್ತರ ಬರಲಿಲ್ಲ. ಪೋಷಕರ ಸಭೆಯಲ್ಲಿ ಕೇಳಿದಾಗ, ಇದು ಆಡಳಿತ ಮಂಡಳಿಯ ವಿಷಯ ಎಂದು ಮಾತು ಮುಗಿಸಲಾಯಿತು. ಹಣ ಕಟ್ಟುವವರಿಗೆ ಅದರ ಲೆಕ್ಕ ಕೇಳುವ ಹಕ್ಕಿದೆ ಎಂಬುದನ್ನು ತಮಗೆ ನಾನು ವಿವರಿಸಬೇಕಾಗಿಲ್ಲ. ಅದಕ್ಕಾಗಿಯೇ ಈ ಪತ್ರವನ್ನು ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

ನಾನು ಕಾರ್ಖಾನೆಯೊಂದರಲ್ಲಿ ಎಲೆಕ್ಟ್ರಿಕಲ್ ಸೂಪರ್‌ವೈಸರ್ ಆಗಿ ದುಡಿಯುವವನು. ಯಾವ ಯಂತ್ರ ಎಷ್ಟು ಹೊತ್ತು ಓಡಿತು, ಎಷ್ಟು ಯೂನಿಟ್ ಉಂಡಿತು ಎಂದು ಬರೆದಿಡುವುದೇ ನನ್ನ ಕೆಲಸ. ಆದ್ದರಿಂದ ಕಳೆದ ಬೇಸಿಗೆಯ ಒಂದು ಭಾನುವಾರ ಶಾಲೆಯ ಪಕ್ಕದ ರಸ್ತೆಯಲ್ಲಿ ಹೋಗುವಾಗ ಮೊದಲ ಮಹಡಿಯ ಕೋಣೆಯೊಂದರಲ್ಲಿ ನಾಲ್ಕು ಫ್ಯಾನುಗಳು ತಿರುಗುತ್ತಿದ್ದುದನ್ನೂ, ನಾಲ್ಕು ಟ್ಯೂಬ್‌ಲೈಟ್‌ಗಳು ಉರಿಯುತ್ತಿದ್ದುದನ್ನೂ ಕಂಡು ಸುಮ್ಮನೆ ಮುಂದೆ ಹೋಗಲು ನನ್ನಿಂದ ಆಗಲಿಲ್ಲ. ಶನಿವಾರ ಮಧ್ಯಾಹ್ನ ಹನ್ನೆರಡೂವರೆಗೆ ಶಾಲೆ ಬಿಟ್ಟಿತ್ತು. ಕಾವಲುಗಾರರನ್ನು ಕರೆದು ತೋರಿಸಿದೆ. “ಮೇಲಿನ ಕೀಲಿ ನನ್ನ ಹತ್ರ ಇರಂಗಿಲ್ರೀ, ಆಫೀಸಿನಾಗ ಇರ್ತಾವ, ಸೋಮವಾರ ಬಂದವ್ರು ಆರಿಸ್ತಾರ” ಎಂದರು. ಅವರದೇನೂ ತಪ್ಪಿಲ್ಲ. ಕಚೇರಿಯ ದೂರವಾಣಿಯನ್ನು ಯಾರೂ ಎತ್ತಲಿಲ್ಲ. ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಮಗಳನ್ನು ಬಿಡಲು ಹೋದಾಗಲೂ ಅವು ಹಾಗೆಯೇ ಓಡುತ್ತಿದ್ದವು.

ಆ ಕೋಣೆಯ ಲೆಕ್ಕ ಹೀಗಿದೆ. ಹಳೆಯ ಮಾದರಿಯ ಸೀಲಿಂಗ್ ಫ್ಯಾನ್ ಪೂರ್ಣ ವೇಗದಲ್ಲಿ ಸುಮಾರು 75 ವ್ಯಾಟ್ ಎಳೆಯುತ್ತದೆ, ನಾಲ್ಕಕ್ಕೆ 300. ಹಳೆಯ ತಾಮ್ರದ ಚೋಕ್ ಇರುವ ಟ್ಯೂಬ್‌ಲೈಟ್, ಚೋಕ್ ತಿನ್ನುವುದೂ ಸೇರಿ ಸುಮಾರು 50 ವ್ಯಾಟ್, ನಾಲ್ಕಕ್ಕೆ 200. ಒಟ್ಟು 500 ವ್ಯಾಟ್, ಅಂದರೆ ಗಂಟೆಗೆ ಅರ್ಧ ಯೂನಿಟ್. ನಲವತ್ತೈದು ಗಂಟೆಗೆ ಇಪ್ಪತ್ತೆರಡೂವರೆ ಯೂನಿಟ್. ದಿನಕ್ಕೆ ಆರು ಗಂಟೆ ಪಾಠ ನಡೆಯುವ ಅದೇ ಕೋಣೆಗೆ ಬೇಕಾಗುವುದು ಮೂರು ಯೂನಿಟ್. ಮಕ್ಕಳು ಏಳೂವರೆ ದಿನ ಕುಳಿತು ಓದಬಹುದಾಗಿದ್ದ ವಿದ್ಯುತ್ತನ್ನು ಬೀಗ ಹಾಕಿದ ಕೋಣೆ ಒಂದೇ ವಾರಾಂತ್ಯದಲ್ಲಿ ನುಂಗಿತು. ರೂಪಾಯಿಯಲ್ಲಿ ಅದು ಇನ್ನೂರು ದಾಟಲಿಕ್ಕಿಲ್ಲ. ಆದರೆ ಎರಡು ದಿನ ಅದನ್ನು ಆರಿಸುವ ಅಧಿಕಾರವಾಗಲಿ ಜವಾಬ್ದಾರಿಯಾಗಲಿ ಯಾರಿಗೂ ಇರಲಿಲ್ಲ ಎಂಬುದು ಸಣ್ಣ ಮಾತಲ್ಲ. ಕೆಟ್ಟ ಟ್ಯೂಬೊಂದು ಮಿಣುಕುತ್ತಲೇ ಇದ್ದರೆ ಚೋಕ್ ಕಾದು ಕರಕಲಾಗುವ ಅಪಾಯ ಬೇರೆ. ಇದನ್ನು ಅಂದೇ ಬರೆದುಕೊಟ್ಟಿದ್ದೆ. ಅದರ ಬೆನ್ನಿಗೇ ಬಂದದ್ದು ಶುಲ್ಕ ಏರಿಕೆಯ ಸುತ್ತೋಲೆ. ಇದನ್ನು ಶಾಂತವಾಗಿ ಸಹಿಸಿಕೊಳ್ಳುವುದು ನನಗೆ ಕಷ್ಟವಾಗಿದೆ.

ಆ ವಾರಾಂತ್ಯ ಅಪರೂಪದ್ದೆಂದೇ ಇಟ್ಟುಕೊಳ್ಳೋಣ. ದಿನನಿತ್ಯದ ನಷ್ಟ ಅದಕ್ಕಿಂತ ದೊಡ್ಡದು. ಬೆಳಗಿನ ಪ್ರಾರ್ಥನೆಗೆ ಇಪ್ಪತ್ತು ನಿಮಿಷ, ಸಣ್ಣ ಬಿಡುವಿಗೆ ಹದಿನೈದು, ಊಟಕ್ಕೆ ನಲವತ್ತೈದು, ಪ್ರಯೋಗಾಲಯಕ್ಕೋ ಆಟಕ್ಕೋ ಮಕ್ಕಳು ಹೊರಹೋಗುವ ಒಂದು ಅವಧಿಗೆ ನಲವತ್ತು, ಸಂಜೆ ಗಂಟೆ ಹೊಡೆದ ಮೇಲೆ ಆಯಾ ಬಂದು ಬಾಗಿಲು ಹಾಕುವವರೆಗೆ ಮೂವತ್ತು ನಿಮಿಷ. ಹೀಗೆ ಒಂದೊಂದು ಕೋಣೆಯೂ ದಿನಕ್ಕೆ ಸುಮಾರು ಎರಡೂವರೆ ಗಂಟೆ ಖಾಲಿ ಇರುತ್ತದೆ. ಎಲ್ಲವೂ ಓಡುತ್ತಿದ್ದರೆ ಕೋಣೆಗೆ ಒಂದೂಕಾಲು ಯೂನಿಟ್, ಇಪ್ಪತ್ತನಾಲ್ಕು ಕೋಣೆಗಳಿಗೆ ದಿನಕ್ಕೆ 30 ಯೂನಿಟ್, 220 ಶಾಲಾ ದಿನಗಳಿಗೆ 6,600 ಯೂನಿಟ್. ಎಲ್ಲ ಕೋಣೆಗಳಲ್ಲೂ ಎಲ್ಲವೂ ಓಡುತ್ತಿರುತ್ತವೆ ಎಂದು ನಾನು ಹೇಳುವುದಿಲ್ಲ. ಕೆಲವು ಶಿಕ್ಷಕರು ತಾವೇ ಆರಿಸಿ ಹೋಗುತ್ತಾರೆ. ಕರೆಂಟ್ ಹೋಗುವುದೂ ಉಂಟು. ಚಳಿಗಾಲದಲ್ಲಿ ಫ್ಯಾನ್ ಬೇಕಾಗದ ದಿನಗಳೂ ಇವೆ. ಆದ್ದರಿಂದ ಅರ್ಧವನ್ನು ಮಾತ್ರ ಹಿಡಿದಿದ್ದೇನೆ: ವರ್ಷಕ್ಕೆ 3,300 ಯೂನಿಟ್. ಯೂನಿಟ್ಟಿಗೆ ತೆರಿಗೆ ಸೇರಿ 8 ರೂಪಾಯಿ ಎಂದುಕೊಂಡರೆ 26,400 ರೂಪಾಯಿ. ದರವನ್ನು ಅಂದಾಜಿನಿಂದ ಹಾಕಬೇಕಾಗಿ ಬಂದಿರುವುದು ಬಿಲ್ಲು ನನಗೆ ಸಿಕ್ಕಿಲ್ಲದ್ದರಿಂದ. ದಯವಿಟ್ಟು ಬಿಲ್ಲುಗಳನ್ನು ಕೊಡಿ, ಲೆಕ್ಕವನ್ನು ತಿದ್ದಿಕೊಳ್ಳುತ್ತೇನೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಬಿಲ್ಲಿನ ಒಟ್ಟು ಮೊತ್ತವನ್ನು ಯೂನಿಟ್‌ಗಳಿಂದ ಭಾಗಿಸಿ ದರ ಕಂಡುಹಿಡಿದರೆ ಉಳಿತಾಯ ಹಿಗ್ಗಿ ಕಾಣುತ್ತದೆ. ಮಂಜೂರಾದ ಲೋಡ್‌ಗೆ ತಕ್ಕಂತೆ ವಿಧಿಸುವ ನಿಗದಿತ ಶುಲ್ಕವೂ ಆ ಮೊತ್ತದಲ್ಲಿ ಸೇರಿರುತ್ತದೆ. ಎಷ್ಟೇ ಫ್ಯಾನ್ ಆರಿಸಿದರೂ ಅದು ಇಳಿಯುವುದಿಲ್ಲ. ಇಳಿಯುವುದು ಬಳಕೆಯ ಶುಲ್ಕ ಮತ್ತು ಅದರ ಮೇಲಿನ ತೆರಿಗೆ ಮಾತ್ರ.

ಕಚೇರಿಯಲ್ಲಿ ನನಗೆ ಹೇಳಿದ ಇನ್ನೊಂದು ಮಾತಿದೆ: ಊಟದ ಹೊತ್ತಿನಲ್ಲಿ ಫ್ಯಾನ್ ಆರಿಸಿದರೆ ಕೋಣೆ ಕಾದು, ಮಕ್ಕಳು ಮರಳಿ ಬಂದಾಗ ಕೂರಲಾಗುವುದಿಲ್ಲವಂತೆ. ನಮ್ಮೂರಿನ ಏಪ್ರಿಲ್ ಬಿಸಿಲು ಎಂಥದ್ದೆಂದು ಬಲ್ಲ ಯಾರಿಗಾದರೂ ಇದು ನಿಜವೆನಿಸಬಹುದು, ಆದರೆ ನಿಜವಲ್ಲ. ಫ್ಯಾನ್ ಗಾಳಿಯನ್ನು ತಂಪು ಮಾಡುವುದಿಲ್ಲ. ಬೀಸುವ ಗಾಳಿ ಮೈಮೇಲಿನ ಬೆವರನ್ನು ಬೇಗ ಆರಿಸುವುದರಿಂದ ನಮಗೆ ತಂಪೆನಿಸುತ್ತದೆ. ಮೈಯೇ ಇಲ್ಲದ ಕೋಣೆಯಲ್ಲಿ ಅದು ಎಳೆದ 75 ವ್ಯಾಟ್ ಪೂರ್ತಿ ಕೊನೆಗೆ ಬಿಸಿಯಾಗಿ ಅದೇ ಕೋಣೆಯಲ್ಲಿ ಉಳಿಯುತ್ತದೆ. ವೇಗ ಕಡಿಮೆ ಮಾಡಿಟ್ಟರೆ ಸಾಲದೇ ಎಂದೂ ಕೇಳಿದರು. ತರಗತಿಗಳಲ್ಲಿರುವುದು ಹಳೆಯ ಡಬ್ಬಿಯಂಥ ರೆಗ್ಯುಲೇಟರ್‌ಗಳು. ಫ್ಯಾನಿಗೆ ಹೋಗದ ವಿದ್ಯುತ್ತಿನ ಒಂದಷ್ಟು ಪಾಲು ಆ ಡಬ್ಬಿಯಲ್ಲೇ ಬಿಸಿಯಾಗಿ ಹೋಗುತ್ತದೆ. ಮುಟ್ಟಿ ನೋಡಿದರೆ ತಿಳಿಯುತ್ತದೆ. ಟ್ಯೂಬ್‌ಲೈಟ್ ವಿಷಯದಲ್ಲಿ ಮಾತ್ರ ಅವರ ಆಕ್ಷೇಪದಲ್ಲಿ ತುಸು ಹುರುಳಿದೆ. ಪದೇ ಪದೇ ಹಚ್ಚಿ ಆರಿಸಿದರೆ ಹಳೆಯ ಟ್ಯೂಬಿನ ಆಯುಷ್ಯ ಕುಗ್ಗುತ್ತದೆ. ಆದ್ದರಿಂದ ಹದಿನೈದು ನಿಮಿಷದ ಬಿಡುವಿನಲ್ಲಿ ಫ್ಯಾನ್ ಮಾತ್ರ ಆರಿಸಿ, ಊಟದ ಹೊತ್ತಿಗೆ ಮತ್ತು ಸಂಜೆಗೆ ಎರಡನ್ನೂ ಆರಿಸಿದರೆ ಸಾಕು. ಮಕ್ಕಳು ಕುಳಿತಿರುವಾಗ ಒಂದೇ ಒಂದು ಫ್ಯಾನನ್ನೂ ಆರಿಸಬೇಕೆಂದು ನಾನು ಕೇಳುತ್ತಿಲ್ಲ.

ನಾನು ಕೇಳುತ್ತಿರುವುದು ಎರಡು ವಾರಗಳ ಲೆಕ್ಕ ಪರಿಶೀಲನೆ. 2001ರ ಇಂಧನ ಸಂರಕ್ಷಣಾ ಕಾಯ್ದೆಯಡಿ ದೊಡ್ಡ ಬಳಕೆದಾರರಿಗೆ ಇಂಥ ಪರಿಶೋಧನೆ ಕಡ್ಡಾಯವಾಗಿದೆ, ಶಾಲೆಗಲ್ಲ ಎಂಬುದು ತಮಗೂ ಗೊತ್ತು, ನನಗೂ ಗೊತ್ತು. ಆದರೆ ಇದಕ್ಕೆ ಹಣ ಬೇಕಾಗಿಲ್ಲ. ಶಾಲೆಯ ಜೆಸ್ಕಾಂ ಮೀಟರ್, ಒಂದು ನೋಟ್‌ಬುಕ್, ಒಂಬತ್ತನೆಯ ತರಗತಿಯ ನಾಲ್ಕೈದು ಮಕ್ಕಳು ಮತ್ತು ವಿಜ್ಞಾನ ಶಿಕ್ಷಕರೊಬ್ಬರು ಇದ್ದರೆ ಸಾಕು.

ಮೊದಲು ಒಂದು ರಜೆಯ ದಿನ, ಎಲ್ಲವನ್ನೂ ಆರಿಸಿ, ಒಂದೇ ಕೋಣೆಯ ಫ್ಯಾನು ದೀಪಗಳನ್ನು ಹಾಕಿ ಮೀಟರಿನ ಕೆಂಪು ದೀಪ ಎಷ್ಟು ಬಾರಿ ಮಿನುಗುತ್ತದೆ ಎಂದು ಎಣಿಸಬೇಕು. ಯೂನಿಟ್ಟಿಗೆ ಎಷ್ಟು ಮಿನುಗು ಎಂಬುದು ಮೀಟರಿನ ಮುಖದ ಮೇಲೆಯೇ ಅಚ್ಚಾಗಿರುತ್ತದೆ. ಅದು 1,200 ಎಂದಿದ್ದರೆ, ನಿಮಿಷಕ್ಕೆ ಹತ್ತು ಮಿನುಗು ಎಂದರೆ 500 ವ್ಯಾಟ್. ನನ್ನ ಅಂದಾಜು ಸರಿಯೋ ತಪ್ಪೋ ಎಂಬುದು ಅಲ್ಲಿಯೇ ತಿಳಿಯುತ್ತದೆ. ಆ ಹೊತ್ತಿನಲ್ಲಿ ನೀರಿನ ಮೋಟರ್ ಓಡುತ್ತಿರಬಾರದು. ಎರಡು ಅಶ್ವಶಕ್ತಿಯ ಮೋಟರ್ ಒಂದೇ ಮೂರ್ನಾಲ್ಕು ಕೋಣೆಗಳಷ್ಟು ಎಳೆದು ಲೆಕ್ಕವನ್ನೆಲ್ಲ ಕೆಡಿಸುತ್ತದೆ.

ಮೊದಲ ವಾರ ಯಾರಿಗೂ ಏನೂ ಹೇಳದೆ ಬರೀ ಓದಿ ಬರೆದಿಡಬೇಕು. ಮೊದಲೇ ಹೇಳಿದರೆ ಎಲ್ಲರೂ ಎಚ್ಚರವಾಗಿ, ಈಗಿನ ನಿಜವಾದ ಬಳಕೆ ಮರೆಯಾಗುತ್ತದೆ. ಊಟದ ಗಂಟೆ ಹೊಡೆದಾಗ ಒಮ್ಮೆ, ಊಟ ಮುಗಿದಾಗ ಒಮ್ಮೆ, ಸಂಜೆ ಗೇಟು ಹಾಕಿದಾಗ ಮತ್ತು ಮರುದಿನ ಬೆಳಿಗ್ಗೆ ಗೇಟು ತೆರೆದಾಗ ಮೀಟರಿನ ಯೂನಿಟ್ ಓದಬೇಕು. ಶನಿವಾರ ಮಧ್ಯಾಹ್ನದಿಂದ ಸೋಮವಾರ ಬೆಳಗಿನವರೆಗಿನ ವ್ಯತ್ಯಾಸ ಎಲ್ಲಕ್ಕಿಂತ ಮುಖ್ಯ. ರಾತ್ರಿ ಓಡಬೇಕಾದದ್ದು ಗೇಟಿನ ದೀಪ, ಕ್ಯಾಮೆರಾ, ಕಂಪ್ಯೂಟರ್ ಕೋಣೆಯ ಯುಪಿಎಸ್ ಇಷ್ಟೇ. ಅದಕ್ಕಿಂತ ಹೆಚ್ಚು ಬಂದರೆ ಎಲ್ಲೋ ಏನೋ ಮರೆತು ಉಳಿದಿದೆ ಎಂದರ್ಥ.

ಎರಡನೆಯ ವಾರ ಪ್ರತಿ ಸ್ವಿಚ್ಚಿಗೂ ಫ್ಯಾನಿಗೂ ಒಂದೇ ಸಂಖ್ಯೆ ಬರೆದು, ಕೋಣೆಗೊಬ್ಬ ವಿದ್ಯಾರ್ಥಿಗೆ ಆರಿಸುವ ಹೊಣೆ ಕೊಟ್ಟು, ಅದೇ ಹೊತ್ತುಗಳಲ್ಲಿ ಮತ್ತೆ ಓದಬೇಕು. ಈಗ ಬೋರ್ಡಿನಲ್ಲಿ ಯಾವ ಸ್ವಿಚ್ ಯಾವುದಕ್ಕೆಂದು ಶಿಕ್ಷಕರಿಗೇ ತಿಳಿಯುವುದಿಲ್ಲ. ಕಿಟಕಿಯ ಪಕ್ಕದ ಟ್ಯೂಬನ್ನು ಹಗಲಲ್ಲಿ ಆರಿಸೋಣವೆಂದರೆ ನಾಲ್ಕಕ್ಕೂ ಒಂದೇ ಸ್ವಿಚ್ ಇರುವ ಕೋಣೆಗಳೂ ಇವೆ. ಅಂಥವುಗಳ ಪಟ್ಟಿಯನ್ನೂ ಮಕ್ಕಳೇ ಮಾಡಬಲ್ಲರು. ಎರಡು ವಾರಗಳ ಒಟ್ಟು ಯೂನಿಟ್‌ಗಳನ್ನು ಹೋಲಿಸಬಾರದು, ಏಕೆಂದರೆ ಮೋಡ ಕವಿದ ವಾರದಲ್ಲಿ ಫ್ಯಾನ್ ಬಳಕೆ ತಾನಾಗಿಯೇ ತಗ್ಗುತ್ತದೆ. ಕೋಣೆಗಳು ಖಾಲಿಯಿರಬೇಕಾದ ಊಟದ ನಲವತ್ತೈದು ನಿಮಿಷವನ್ನು ಹೋಲಿಸಿದರೆ ಗಾಳಿ ಮಳೆಯ ನೆಪ ಬಹುಮಟ್ಟಿಗೆ ಇರುವುದಿಲ್ಲ. ಇಪ್ಪತ್ತನಾಲ್ಕು ಕೋಣೆಗಳೂ ಓಡುತ್ತಿದ್ದರೆ ಆ ಹೊತ್ತಿನಲ್ಲಿ ಮೀಟರ್ ಒಂಬತ್ತು ಯೂನಿಟ್ ಮುಂದೆ ಹೋಗಬೇಕು. ಮೊದಲ ವಾರ ಅದು ಎಷ್ಟು ಹೋಯಿತು, ಎರಡನೆಯ ವಾರ ಎಷ್ಟಕ್ಕೆ ಇಳಿಯಿತು ಎಂಬುದೇ ಉತ್ತರ. ವ್ಯತ್ಯಾಸ ಒಂದು ಯೂನಿಟ್ ಕೂಡ ಇಲ್ಲವೆಂದು ಕಂಡುಬಂದರೆ ಅದನ್ನು ನಾನೇ ಪೋಷಕರ ಸಭೆಯಲ್ಲಿ ಎದ್ದು ನಿಂತು ಹೇಳುತ್ತೇನೆ.

ಹೊಸದಾಗಿ 30 ವ್ಯಾಟಿನ ಆಸುಪಾಸಿನ ಬಿಎಲ್‌ಡಿಸಿ ಫ್ಯಾನುಗಳನ್ನೂ 20 ವ್ಯಾಟಿನ ಎಲ್‌ಇಡಿ ಟ್ಯೂಬುಗಳನ್ನೂ ಹಾಕಿಸುವ ಮಾತು ಮಂಡಳಿಯಲ್ಲಿ ನಡೆದಿದೆಯೆಂದು ಕೇಳಿದ್ದೇನೆ. ಒಳ್ಳೆಯದೇ. ಆದರೆ ಅದರ ಖರ್ಚೂ ಪೋಷಕರ ಮೇಲೆಯೇ ಬರುವುದಾದರೆ, ಆ ಮೊದಲು ಈ ಎರಡು ವಾರಗಳ ಲೆಕ್ಕ ಆಗಲಿ. ಬೀಗ ಹಾಕಿದ ಕೋಣೆಯಲ್ಲಿ ಎರಡು ದಿನ ತಿರುಗುವ ಹೊಸ ಫ್ಯಾನೂ ವ್ಯರ್ಥವಾಗಿಯೇ ತಿರುಗುತ್ತದೆ.

ಆದ್ದರಿಂದ ಮತ್ತೊಮ್ಮೆ ಕೇಳುತ್ತಿದ್ದೇನೆ. ಕಳೆದ ಹನ್ನೆರಡು ತಿಂಗಳ ಬಿಲ್ಲುಗಳನ್ನು ಸೂಚನಾ ಫಲಕದಲ್ಲಿ ಹಾಕಿಸಿ. ಎರಡು ವಾರ ಮೀಟರ್ ಓದಲು ಅನುಮತಿ ಕೊಡಿ. ನನ್ನ ಸಮಯವನ್ನು ಸಂಬಳವಿಲ್ಲದೆ ಕೊಡುತ್ತೇನೆ. ಮೇಲಿನ ಮಹಡಿಯ ಕೀಲಿಯ ಒಂದು ಪ್ರತಿಯನ್ನು ಇಂದೇ ಕಾವಲುಗಾರರ ಕೈಗೆ ಕೊಡಿಸಿ. ಇದಕ್ಕೆ ಮಂಡಳಿಯ ಸಭೆ ಬೇಕಾಗಿಲ್ಲ. ಮತ್ತು ಮುಂದಿನ ಕಂತಿನ ಶುಲ್ಕ ಕಟ್ಟುವ ದಿನಕ್ಕೆ ಮೊದಲು ಲಿಖಿತ ಉತ್ತರ ಕೊಡಿ. ಬೇಡವೆಂದಾದರೆ ಬೇಡವೆಂದೇ, ಕಾರಣದೊಂದಿಗೆ, ಬರೆದುಕೊಡಿ.

ಇಂತಿ ತಮ್ಮ ವಿಶ್ವಾಸಿ,
ಎಂಟನೆಯ ತರಗತಿಯ ವಿದ್ಯಾರ್ಥಿನಿಯೊಬ್ಬಳ ತಂದೆ
ಬಳ್ಳಾರಿ